ಮೇಲಿನ ಫ್ಲ್ಯಾಟಿನ ಬಾತ್‌ರೂಮಿನಿಂದ ನೀರು ಸೋರಿಕೆ: ದೂರು ಪತ್ರ

ದಿನಾಂಕ: 16-06-2025

ಇವರಿಂದ:
ಫ್ಲ್ಯಾಟ್ 303ರ ಮಾಲೀಕರು, ಬಿ ಬ್ಲಾಕ್

ಇವರಿಗೆ:
ಕಾರ್ಯದರ್ಶಿಗಳು, ನಿವಾಸಿಗಳ ಸಂಘ

ಪ್ರತಿ: ಫ್ಲ್ಯಾಟ್ 403ರ ಮಾಲೀಕರು

ವಿಷಯ: 403ರ ಬಾತ್‌ರೂಮಿನಿಂದ 303ಕ್ಕೆ ನೀರು ಸೋರುತ್ತಿರುವುದರ ಬಗ್ಗೆ ಜಂಟಿ ತಪಾಸಣೆ ಮತ್ತು ದುರಸ್ತಿಗೆ ಕೋರಿಕೆ

ಮಾನ್ಯರೇ,

ನಮ್ಮ ಮಾಸ್ಟರ್ ಬೆಡ್‌ರೂಮಿನ ಬಾತ್‌ರೂಮ್ ಸೂರಿನಲ್ಲಿ, ಮೇಲಿನ ಬಾತ್‌ರೂಮಿನ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಪೈಪು ಸ್ಲ್ಯಾಬ್ ದಾಟಿ ಬರುವ ಜಾಗದ ಸುತ್ತ, ಸುಮಾರು ಎರಡು ಅಡಿ ಅಗಲ ನೀರು ಜಿನುಗುತ್ತಿದೆ. ತೇವ ಈಗ ಬೆಡ್‌ರೂಮಿನ ಗೋಡೆಗೂ ಇಳಿದಿದೆ. ಬಣ್ಣ ಉಬ್ಬಿ ಸಿಪ್ಪೆಯಂತೆ ಏಳುತ್ತಿದೆ, ಬೆರಳಿಟ್ಟರೆ ಬಿಳಿ ಉಪ್ಪು ಪುಡಿಯಾಗಿ ಅಂಟುತ್ತದೆ. ಒಂದು ಕಡೆ ಪ್ಲಾಸ್ಟರ್ ಬಿದ್ದು ಕಂಬಿ ಕಾಣಿಸುತ್ತಿದ್ದು, ಅದಕ್ಕೆ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಆದ್ದರಿಂದ ಇದು ಬಣ್ಣ ಹಾಳಾದ ವಿಷಯವಷ್ಟೇ ಅಲ್ಲ, ಕಟ್ಟಡದ ಸ್ಲ್ಯಾಬಿನ ವಿಷಯ. ಸೂರಿನ ಲೈಟ್ ಪಾಯಿಂಟಿಗೂ ನೀರು ತಾಕಿರುವುದರಿಂದ ಆ ಸರ್ಕ್ಯೂಟಿನ ಎಂಸಿಬಿ ಆಫ್ ಮಾಡಿಟ್ಟಿದ್ದೇವೆ.

403ರವರು ನಮ್ಮ ಮಾತನ್ನು ತಳ್ಳಿಹಾಕಿಲ್ಲ. ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿಸಿದರು, ಆದರೂ ಸೋರಿಕೆ ನಿಲ್ಲಲಿಲ್ಲ. ಮೂಲ ಹುಡುಕದೆ ಸಂದು ಮುಚ್ಚಿದರೆ ಹೀಗೇ ಆಗುತ್ತದೆ. ಬಾತ್‌ರೂಮಿನ ನೆಲದಡಿ ತಗ್ಗಿಸಿ ಕಟ್ಟಿದ ಸಂಕನ್ ಸ್ಲ್ಯಾಬಿನ ತಗ್ಗಿನಲ್ಲಿ ತುಂಬಿರುವ ಇಟ್ಟಿಗೆ ಚೂರು ಒಮ್ಮೆ ನೀರು ಹೀರಿಕೊಂಡರೆ ಅನೇಕ ದಿನ ಜಿನುಗುತ್ತಲೇ ಇರುತ್ತದೆ. ಕೆಳಗಿನಿಂದ ನಾವು ಸೂರಿಗೆ ಎಷ್ಟೇ ವಾಟರ್‌ಪ್ರೂಫ್ ಬಣ್ಣ ಬಳಿದರೂ, ಮೇಲಿನಿಂದ ಬರುವ ನೀರು ಅದನ್ನು ಕಿತ್ತು ಹಾಕುತ್ತದೆ.

ಬೆಳಗ್ಗೆ ಮೇಲೆ ಸ್ನಾನ ಮುಗಿದ ನಂತರ ಹನಿ ಜಾಸ್ತಿಯಾಗುತ್ತದೆ, ರಾತ್ರಿ ಕಡಿಮೆಯಾಗುತ್ತದೆ. ಅವರು ಊರಿಗೆ ಹೋಗಿದ್ದಾಗ ಜಾಗ ಬಹುಮಟ್ಟಿಗೆ ಒಣಗಿತ್ತು. ಇದನ್ನು ನೋಡಿದರೆ ನಹಾನಿ ಟ್ರ್ಯಾಪಿನ ಜೋಡಣೆ ಅಥವಾ ನೆಲದ ವಾಟರ್‌ಪ್ರೂಫಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಆದರೆ ಆಗ ಅವರು ಮೇನ್ ವಾಲ್ವನ್ನೂ ಮುಚ್ಚಿದ್ದರು, ಹಾಗಾಗಿ ಗೋಡೆಯೊಳಗಿನ ನೀರಿನ ಪೈಪು ಸೋರುತ್ತಿಲ್ಲ ಎಂದು ಈಗಲೇ ಹೇಳಲಾಗದು. ಅದಕ್ಕೇ ಈ ಕ್ರಮದಲ್ಲಿ ಪರೀಕ್ಷೆ ನಡೆಯಲಿ ಎಂದು ಕೇಳುತ್ತಿದ್ದೇವೆ.

ಮೊದಲು ತಣ್ಣೀರು ಮತ್ತು ಗೀಸರಿನ ಬಿಸಿನೀರು ಲೈನುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ನಲ್ಲಿಗಳ ಬಾಯಿಗೆ ಪ್ಲಗ್ ಹಾಕಿ, ಹ್ಯಾಂಡ್ ಪಂಪಿನಿಂದ ಒತ್ತಡ ಕೊಟ್ಟು ಎರಡು ಗಂಟೆ ಬಿಡಬೇಕು. ಗೇಜಿನ ಮುಳ್ಳು ಇಳಿದರೆ ಪೈಪೇ ಕಾರಣ. ಇಳಿಯದಿದ್ದರೆ, ನೆಲ ಒದ್ದೆಯಾಗದಂತೆ ಎರಡು ಮೂರು ಬಕೆಟ್ ಕೆಂಪು ಬಣ್ಣದ ನೀರನ್ನು ನೇರವಾಗಿ ಟ್ರ್ಯಾಪಿಗೆ ಸುರಿದು ಕೆಳಗೆ ಕಾಯಬೇಕು. ಕೆಂಪು ಕಾಣಿಸಿದರೆ ಟ್ರ್ಯಾಪ್ ಅಥವಾ ಅದರ ಜೋಡಣೆ ಸೋರುತ್ತಿದೆ ಎಂದರ್ಥ. ಅದೂ ಅಲ್ಲವಾದರೆ ಟ್ರ್ಯಾಪ್ ಬಾಯಿ ಬಿಗಿಯಾಗಿ ಮುಚ್ಚಿ, ಬಾಗಿಲ ಹೊಸ್ತಿಲಿಗೆ ಸಿಮೆಂಟ್ ದಿಂಡು ಕಟ್ಟಿ, ನೆಲದ ಮೇಲೆ 25 ಮಿ.ಮೀ. ನೀಲಿ ಬಣ್ಣದ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಬೇಕು. ನೆಲದ ಪರೀಕ್ಷೆಯನ್ನು ಮೊದಲೇ ಮಾಡಿದರೆ ತಗ್ಗೆಲ್ಲ ನೆನೆದು, ಆಮೇಲೆ ಟ್ರ್ಯಾಪಿನ ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಿ ತಿಳಿಯುವುದಿಲ್ಲ. ದಯವಿಟ್ಟು ಈ ಕ್ರಮವನ್ನು ಪ್ಲಂಬರಿಗೆ ಸ್ಪಷ್ಟವಾಗಿ ಹೇಳಿ. ಶಾಫ್ಟಿನ ಲಂಬ ಪೈಪನ್ನೂ ಅದೇ ದಿನ ನೋಡಬೇಕು.

ಖರ್ಚು ಯಾರದೆಂಬುದು ಈ ಫಲಿತಾಂಶದ ಮೇಲೆ ನಿಲ್ಲುತ್ತದೆ. 403ರ ಒಳಗಿನ ಪೈಪು, ಟ್ರ್ಯಾಪ್ ಅಥವಾ ನೆಲ ಕಾರಣವಾದರೆ ದುರಸ್ತಿ ಆ ಮಾಲೀಕರದು. ಎಲ್ಲ ಮನೆಗಳಿಗೂ ಸೇರಿದ ಲಂಬ ಪೈಪು ಸೋರುತ್ತಿದ್ದರೆ ಅದನ್ನು ಸಂಘ ನಿರ್ವಹಣಾ ನಿಧಿಯಿಂದ ಮಾಡಿಸಬೇಕು.

ನೆಲವೇ ಕಾರಣವೆಂದಾದರೆ ಮೇಲೆ ಮೇಲೆ ತೇಪೆ ಹಾಕುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಟೈಲ್ಸ್ ಮತ್ತು ನೆನೆದ ತುಂಬುವಿಕೆ ತೆಗೆದು, ಸ್ಲ್ಯಾಬ್ ಒಣಗಿಸಿ, ಮೂಲೆಗಳಿಗೂ ಪೈಪಿನ ಸುತ್ತಲೂ ಫೈಬರ್ ಮೆಶ್ ಇಟ್ಟು, ಪಾಲಿಮರ್ ಸಿಮೆಂಟ್ ಲೇಪನ ಎರಡು ಕೋಟ್ ಕೊಡಬೇಕು. ಗೋಡೆಯ ಮೇಲೂ ಕನಿಷ್ಠ ಒಂದು ಅಡಿ, ಶವರ್ ಇರುವ ಕಡೆ ಆರು ಅಡಿ ಎತ್ತರಕ್ಕೆ ಹಚ್ಚಬೇಕು. ಲೇಪನ ಪೂರ್ತಿ ಗಟ್ಟಿಯಾದ ಮೇಲೆ, ಟೈಲ್ಸ್ ಹಾಕುವ ಮುನ್ನ, 48 ಗಂಟೆ ನೀರು ನಿಲ್ಲಿಸಿ ನಮ್ಮ ಸೂರನ್ನು ನೋಡಲು ನಮ್ಮನ್ನೂ ಕರೆಯಬೇಕು. ಟೈಲ್ಸ್ ಹಾಕಿದ ಮೇಲೆ ದೋಷ ಗೊತ್ತಾದರೆ ಎಲ್ಲವನ್ನೂ ಮತ್ತೆ ಒಡೆಯಬೇಕಾಗುತ್ತದೆ.

ಈ ಪತ್ರ ತಲುಪಿದ ಏಳು ದಿನಗಳೊಳಗೆ ಸಂಘದ ಪ್ರತಿನಿಧಿ, 403ರ ಮಾಲೀಕರು ಮತ್ತು ನಾವು ಹಾಜರಿದ್ದು ತಪಾಸಣೆ ನಡೆಯಲಿ, ವರದಿ ಬರಹದಲ್ಲಿರಲಿ. ಅಲ್ಲಿಯವರೆಗೆ ಆ ಬಾತ್‌ರೂಮಿನಲ್ಲಿ ಸ್ನಾನ ಮಾಡದೆ ಇನ್ನೊಂದನ್ನು ಬಳಸುವಂತೆ 403ರವರಿಗೆ ಸಂಘ ತಿಳಿಸಬೇಕು. ನಮ್ಮ ಸೂರಿನ ಕಂಬಿಯ ತುಕ್ಕು ಕೆರೆದು ಪ್ಲಾಸ್ಟರ್ ಮಾಡುವ ಕೆಲಸವನ್ನೂ, ಗೋಡೆಯ ಬಣ್ಣವನ್ನೂ ಈ ದುರಸ್ತಿಯ ಭಾಗವಾಗಿಯೇ ಸೇರಿಸಬೇಕು. ಸ್ಲ್ಯಾಬ್ ಒಣಗುವ ಮೊದಲು ಅದಕ್ಕೆ ಕೈ ಹಾಕುವುದು ಬೇಡ.

ತಪಾಸಣೆಗೆ ಯಾವ ದಿನವಾದರೂ ಸರಿ, ಬೆಳಗ್ಗೆ 9ರ ನಂತರ ನಮ್ಮ ಮನೆ ತೆರೆದಿರುತ್ತದೆ. ನಿಗದಿಯಾದ ದಿನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಫ್ಲ್ಯಾಟ್ 303ರ ಮಾಲೀಕರು

ಲಗತ್ತು: ಸೂರು, ಗೋಡೆ ಮತ್ತು ಕಂಬಿಯ ಫೋಟೋಗಳು, ದಿನಾಂಕ ಸಹಿತ