ಪ್ರಯೋಗ 5: ಹಾಫ್ ಆಡರ್ ಮತ್ತು ಫುಲ್ ಆಡರ್ ಸರ್ಕ್ಯೂಟ್‌ಗಳ ರಚನೆ ಮತ್ತು ಪರಿಶೀಲನೆ

ವಿಷಯ: ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ
ತರಗತಿ: ಡಿಪ್ಲೊಮಾ, ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್, ಮೂರನೇ ಸೆಮಿಸ್ಟರ್, ಬ್ಯಾಚ್ ಬಿ
ದಿನಾಂಕ: 18-09-2024

ಉದ್ದೇಶ

ಮೂಲ ಲಾಜಿಕ್ ಗೇಟ್‌ಗಳನ್ನು ಬಳಸಿ ಹಾಫ್ ಆಡರ್ ಮತ್ತು ಫುಲ್ ಆಡರ್ ಸರ್ಕ್ಯೂಟ್‌ಗಳನ್ನು ಜೋಡಿಸುವುದು, ಅವುಗಳ ಸತ್ಯ ಕೋಷ್ಟಕಗಳನ್ನು ಪರಿಶೀಲಿಸುವುದು, ಹಾಗೂ ಫುಲ್ ಆಡರ್‌ನ ಒಳಗಿನ ಎರಡು ಕ್ಯಾರಿ ದಾರಿಗಳಲ್ಲಿ ಪ್ರತಿ ಇನ್‌ಪುಟ್‌ಗೆ ಯಾವ ಮಟ್ಟ ಬರುತ್ತದೆ ಎಂಬುದನ್ನು ಅಳೆದು ನೋಡುವುದು.

ಬೇಕಾದ ಉಪಕರಣಗಳು

5 ವೋಲ್ಟ್ ಸ್ಥಿರ ವಿದ್ಯುತ್ ಸರಬರಾಜು, ಇನ್‌ಪುಟ್ ಸ್ವಿಚ್‌ಗಳು ಮತ್ತು ಎಲ್‌ಇಡಿ ಸೂಚಕಗಳಿರುವ ಡಿಜಿಟಲ್ ಟ್ರೇನರ್ ಕಿಟ್, ಎಕ್ಸ್-ಆರ್ ಗೇಟ್‌ಗಳ ಐಸಿ 74LS86, ಆಂಡ್ ಗೇಟ್‌ಗಳ ಐಸಿ 74LS08, ಆರ್ ಗೇಟ್‌ಗಳ ಐಸಿ 74LS32, ತಲಾ ಒಂದು, 0.1 ಮೈಕ್ರೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಮೂರು, ಡಿಜಿಟಲ್ ಮಲ್ಟಿಮೀಟರ್, ಪ್ಯಾಚ್ ಕಾರ್ಡ್‌ಗಳು ಮತ್ತು ಜೋಡಣಾ ತಂತಿಗಳು.

ಈ ಮೂರೂ ಐಸಿಗಳಲ್ಲಿ ಎರಡು ಇನ್‌ಪುಟ್‌ಗಳ ನಾಲ್ಕು ಗೇಟ್‌ಗಳಿದ್ದು, ಪಿನ್ ವ್ಯವಸ್ಥೆ ಒಂದೇ ಆಗಿದೆ. 14ನೇ ಪಿನ್‌ಗೆ +5 ವೋಲ್ಟ್, 7ನೇ ಪಿನ್‌ಗೆ ಗ್ರೌಂಡ್. ಇನ್‌ಪುಟ್‌ಗಳು 1 ಮತ್ತು 2 ಆದರೆ ಔಟ್‌ಪುಟ್ 3. 4 ಮತ್ತು 5ಕ್ಕೆ 6. 9 ಮತ್ತು 10ಕ್ಕೆ 8. 12 ಮತ್ತು 13ಕ್ಕೆ 11. ನಾರ್ ಗೇಟ್‌ಗಳ ಐಸಿ 7402ರಲ್ಲಿ ಈ ಕ್ರಮ ಬೇರೆ ಇರುವುದರಿಂದ, ಹೊರಗಿನಿಂದ ಒಂದೇ ರೀತಿ ಕಾಣುವ ಐಸಿಗಳ ನಡುವೆ ಮೇಲೆ ಮುದ್ರಿಸಿದ ಸಂಖ್ಯೆಯನ್ನು ಓದಿಯೇ ಆರಿಸಿಕೊಳ್ಳಬೇಕು.

ಸಿದ್ಧಾಂತ

ದ್ವಿಮಾನ ಪದ್ಧತಿಯಲ್ಲಿ ಒಂದು ಬಿಟ್‌ಗೆ ಇನ್ನೊಂದು ಬಿಟ್ ಕೂಡಿಸಿದಾಗ 0+0=0, 0+1=1, 1+0=1 ಎಂಬ ಮೂರು ಸಂದರ್ಭಗಳಲ್ಲಿ ಉತ್ತರ ಒಂದೇ ಬಿಟ್‌ನಲ್ಲಿ ಹಿಡಿಯುತ್ತದೆ; 1+1 ಆದಾಗ ಮಾತ್ರ ಉತ್ತರ 10 ಆಗಿ, ಶಾಲೆಯ ಸಂಕಲನದಲ್ಲಿ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯುವಂತೆ ಇಲ್ಲಿಯೂ ಒಂದು ಕ್ಯಾರಿಯನ್ನು ಎಡಗಡೆಯ ಸ್ಥಾನಕ್ಕೆ ಕಳುಹಿಸಬೇಕಾಗುತ್ತದೆ. ಎರಡು ಬಿಟ್‌ಗಳನ್ನು ಕೂಡಿಸಿ ಮೊತ್ತ ಮತ್ತು ಕ್ಯಾರಿ ಎಂಬ ಎರಡು ಔಟ್‌ಪುಟ್‌ಗಳನ್ನು ಕೊಡುವ ಸರ್ಕ್ಯೂಟ್ ಹಾಫ್ ಆಡರ್. ಇನ್‌ಪುಟ್‌ಗಳು ಬೇರೆ ಬೇರೆಯಾಗಿದ್ದಾಗ ಮಾತ್ರ ಮೊತ್ತ 1 ಆಗುವುದರಿಂದ ಅದು ಎಕ್ಸ್-ಆರ್ ಗೇಟ್‌ನ ಕೆಲಸ. ಎರಡೂ 1 ಆಗಿದ್ದಾಗ ಮಾತ್ರ ಕ್ಯಾರಿ ಬರುವುದರಿಂದ ಅದು ಆಂಡ್ ಗೇಟ್‌ನ ಕೆಲಸ.

```
S = A ⊕ B
C = A·B
```

ಒಂದಕ್ಕಿಂತ ಹೆಚ್ಚು ಬಿಟ್‌ಗಳ ಸಂಖ್ಯೆಗಳಿಗೆ ಹಾಫ್ ಆಡರ್ ಸಾಲದು. 11ಕ್ಕೆ 01 ಕೂಡಿಸುವುದನ್ನು ನೋಡಿದರೆ, ಬಲತುದಿಯಲ್ಲಿ 1+1 ಸೇರಿ 0 ಉಳಿದು 1 ಕ್ಯಾರಿ ಹೋಗುತ್ತದೆ. ಎರಡನೇ ಸ್ಥಾನದಲ್ಲಿ 1, 0 ಮತ್ತು ಹಿಂದಿನಿಂದ ಬಂದ 1, ಹೀಗೆ ಮೂರು ಬಿಟ್‌ಗಳನ್ನು ಕೂಡಿಸಬೇಕಾಗುತ್ತದೆ. ಈ ಮೂರನೇ ಬಿಟ್‌ಗೆ ಜಾಗವಿರುವ ಸರ್ಕ್ಯೂಟ್ ಫುಲ್ ಆಡರ್. ಮೂರು ಇನ್‌ಪುಟ್‌ಗಳಲ್ಲಿ 1ರ ಸಂಖ್ಯೆ ಬೆಸವಾಗಿದ್ದರೆ ಮೊತ್ತ 1; ಎರಡು ಅಥವಾ ಮೂರು ಇನ್‌ಪುಟ್‌ಗಳು 1 ಆಗಿದ್ದರೆ ಕ್ಯಾರಿ 1. ಸತ್ಯ ಕೋಷ್ಟಕದಲ್ಲಿ ಕ್ಯಾರಿ 1 ಇರುವ ನಾಲ್ಕು ಸಾಲುಗಳಿಂದ ಸಮೀಕರಣ ಹೀಗೆ ಬರುತ್ತದೆ:

```
Cout = A'·B·Cin + A·B'·Cin + A·B·Cin' + A·B·Cin
     = Cin·(A'·B + A·B') + A·B·(Cin' + Cin)
     = Cin·(A ⊕ B) + A·B
S    = A ⊕ B ⊕ Cin
```

ಕಾರ್ನೋ ನಕ್ಷೆಯಿಂದ ಸರಳೀಕರಿಸಿದರೆ ಕ್ಯಾರಿಗೆ `A·B + B·Cin + A·Cin` ಎಂಬ ರೂಪವೂ ಸಿಗುತ್ತದೆ. ಅದು ಕೂಡ ಸರಿಯೇ, ಆದರೆ ಮೊತ್ತಕ್ಕಾಗಿ ಹೇಗೂ ತಯಾರಾಗಿರುವ A ⊕ B ಅನ್ನು ಅದು ಉಪಯೋಗಿಸಿಕೊಳ್ಳುವುದಿಲ್ಲ. ಮೇಲಿನ ರೂಪ ಎರಡು ಹಾಫ್ ಆಡರ್ ಮತ್ತು ಒಂದು ಆರ್ ಗೇಟ್‌ನಿಂದ ಆಗುವುದರಿಂದ ಈ ಪ್ರಯೋಗದಲ್ಲಿ ಅದನ್ನೇ ತೆಗೆದುಕೊಳ್ಳಲಾಗಿದೆ.

ವಿಧಾನ

ಕಿಟ್‌ನ ಸರಬರಾಜನ್ನು ಆರಿಸಿಟ್ಟು ಮೂರೂ ಐಸಿಗಳನ್ನು ಸಾಕೆಟ್‌ಗಳಲ್ಲಿ ಕೂರಿಸಿ, ಐಸಿಯ ಗುರುತಿನ ಕಚ್ಚು ಒಂದೇ ದಿಕ್ಕಿಗೆ ಇರುವುದನ್ನು ಖಚಿತಪಡಿಸಿಕೊಂಡು, 14 ಮತ್ತು 7ನೇ ಪಿನ್‌ಗಳಿಗೆ ವಿದ್ಯುತ್ ಮತ್ತು ಗ್ರೌಂಡ್ ಕೊಡಲಾಯಿತು. ಪ್ರತಿ ಐಸಿಯ ಈ ಎರಡು ಪಿನ್‌ಗಳ ನಡುವೆ, ಸಾಧ್ಯವಾದಷ್ಟು ಹತ್ತಿರದಲ್ಲಿ, ಒಂದು ಸೆರಾಮಿಕ್ ಕೆಪಾಸಿಟರ್ ಜೋಡಿಸಲಾಯಿತು. ಸರಬರಾಜು ಹಾಕಿ ಮಲ್ಟಿಮೀಟರ್‌ನಿಂದ ಅಳೆದಾಗ ಐಸಿಗಳ ಪಿನ್‌ಗಳಲ್ಲಿಯೇ 5.02 ವೋಲ್ಟ್ ಸಿಕ್ಕಿತು. 74LS ಶ್ರೇಣಿಗೆ 4.75ರಿಂದ 5.25 ವೋಲ್ಟ್ ಮಿತಿ ಇರುವುದರಿಂದ ಇದು ಸಮರ್ಪಕ. ಅನಂತರ ಸರಬರಾಜನ್ನು ಮತ್ತೆ ಆರಿಸಲಾಯಿತು, ಮುಂದೆಯೂ ತಂತಿ ಬದಲಿಸುವಾಗಲೆಲ್ಲ ಇದೇ ಕ್ರಮ ಅನುಸರಿಸಲಾಯಿತು.

ಹಾಫ್ ಆಡರ್‌ಗಾಗಿ A ಸ್ವಿಚ್ಚನ್ನು 74LS86 ಮತ್ತು 74LS08 ಎರಡರ 1ನೇ ಪಿನ್‌ಗೂ, B ಸ್ವಿಚ್ಚನ್ನು ಎರಡರ 2ನೇ ಪಿನ್‌ಗೂ ಜೋಡಿಸಿ, 74LS86ರ 3ನೇ ಪಿನ್ನನ್ನು ಮೊತ್ತದ ಎಲ್‌ಇಡಿಗೆ, 74LS08ರ 3ನೇ ಪಿನ್ನನ್ನು ಕ್ಯಾರಿಯ ಎಲ್‌ಇಡಿಗೆ ಕೊಡಲಾಯಿತು. ನಾಲ್ಕು ಇನ್‌ಪುಟ್ ಸಂಯೋಜನೆಗಳನ್ನು ಒಂದೊಂದಾಗಿ ಇಟ್ಟು ಔಟ್‌ಪುಟ್‌ಗಳ ಸ್ಥಿತಿಯನ್ನು ಬರೆದುಕೊಳ್ಳಲಾಯಿತು.

ಫುಲ್ ಆಡರ್‌ಗಾಗಿ ಈ ಜೋಡಣೆಯನ್ನು ಬಿಚ್ಚದೆ ಅದರ ಮೇಲೆಯೇ ಮುಂದುವರಿಸಲಾಯಿತು. 74LS86ರ 3ನೇ ಪಿನ್‌ನಲ್ಲಿ ದೊರೆಯುವ A ⊕ B ಯನ್ನು ಅದೇ ಐಸಿಯ 4ನೇ ಪಿನ್‌ಗೂ 74LS08ರ 4ನೇ ಪಿನ್‌ಗೂ ಕೊಟ್ಟು, Cin ಸ್ವಿಚ್ಚನ್ನು ಎರಡೂ ಐಸಿಗಳ 5ನೇ ಪಿನ್‌ಗೆ ಜೋಡಿಸಲಾಯಿತು. ಆಗ 74LS86ರ 6ನೇ ಪಿನ್ ಮೊತ್ತವಾಗುತ್ತದೆ. 74LS08ರ 3 ಮತ್ತು 6ನೇ ಪಿನ್‌ಗಳನ್ನು 74LS32ರ 1 ಮತ್ತು 2ನೇ ಪಿನ್‌ಗಳಿಗೆ ಕೊಟ್ಟು, ಅದರ 3ನೇ ಪಿನ್‌ನಿಂದ Cout ಪಡೆಯಲಾಯಿತು. ಬಳಕೆಯಾಗದ ಗೇಟ್‌ಗಳ ಇನ್‌ಪುಟ್‌ಗಳನ್ನು ಗ್ರೌಂಡ್‌ಗೆ ಜೋಡಿಸಲಾಯಿತು. ಎಂಟು ಸಂಯೋಜನೆಗಳಲ್ಲಿ ಪ್ರತಿಯೊಂದಕ್ಕೂ ಎರಡು ಔಟ್‌ಪುಟ್‌ಗಳನ್ನಷ್ಟೇ ಅಲ್ಲದೆ, ಒಳಗಿನ ಮೂರು ಬಿಂದುಗಳನ್ನೂ ಮಲ್ಟಿಮೀಟರ್‌ನಿಂದ ಪರಿಶೀಲಿಸಲಾಯಿತು. ಔಟ್‌ಪುಟ್ ತಪ್ಪಿ ಬಂದರೆ ದೋಷ ಯಾವ ಗೇಟಿನದೆಂದು ಹೇಳಲು ಈ ಒಳಬಿಂದುಗಳ ದಾಖಲೆಯೇ ಬೇಕಾಗುತ್ತದೆ.

ವೀಕ್ಷಣೆಗಳು

ಹಾಫ್ ಆಡರ್:

| A | B | S | C |
|---|---|---|---|
| 0 | 0 | 0 | 0 |
| 0 | 1 | 1 | 0 |
| 1 | 0 | 1 | 0 |
| 1 | 1 | 0 | 1 |

ಫುಲ್ ಆಡರ್:

| A | B | Cin | A⊕B | A·B | Cin·(A⊕B) | S | Cout |
|---|---|---|---|---|---|---|---|
| 0 | 0 | 0 | 0 | 0 | 0 | 0 | 0 |
| 0 | 0 | 1 | 0 | 0 | 0 | 1 | 0 |
| 0 | 1 | 0 | 1 | 0 | 0 | 1 | 0 |
| 0 | 1 | 1 | 1 | 0 | 1 | 0 | 1 |
| 1 | 0 | 0 | 1 | 0 | 0 | 1 | 0 |
| 1 | 0 | 1 | 1 | 0 | 1 | 0 | 1 |
| 1 | 1 | 0 | 0 | 1 | 0 | 0 | 1 |
| 1 | 1 | 1 | 0 | 1 | 0 | 1 | 1 |

ಔಟ್‌ಪುಟ್ 1 ಇದ್ದಾಗ ಅಳೆದ ವೋಲ್ಟೇಜ್ 3.4 ಮತ್ತು 3.6ರ ನಡುವೆ, 0 ಇದ್ದಾಗ 0.12 ಮತ್ತು 0.18ರ ನಡುವೆ ಇತ್ತು. ಟಿಟಿಎಲ್ ಇನ್‌ಪುಟ್ 2.0 ವೋಲ್ಟ್‌ಗಿಂತ ಹೆಚ್ಚಿನದನ್ನು 1 ಎಂದೂ 0.8 ವೋಲ್ಟ್‌ಗಿಂತ ಕಡಿಮೆಯದನ್ನು 0 ಎಂದೂ ಪರಿಗಣಿಸುವುದರಿಂದ, ಒಂದು ಗೇಟಿನ ಔಟ್‌ಪುಟ್ ಮುಂದಿನ ಗೇಟಿಗೆ ಸಂದೇಹವಿಲ್ಲದ ಮಟ್ಟದಲ್ಲಿಯೇ ತಲುಪಿದೆ.

ಇವಲ್ಲದೆ ಇನ್ನೊಂದು ಪರೀಕ್ಷೆ ಮಾಡಲಾಯಿತು. A ಮತ್ತು B ಎರಡನ್ನೂ 0 ಇಟ್ಟು Cin ತಂತಿಯನ್ನು ಬೇಕೆಂದೇ ಸ್ವಿಚ್‌ನಿಂದ ಬಿಡಿಸಿದಾಗ, ಮೊತ್ತದ ಎಲ್‌ಇಡಿ ಹೊತ್ತಿಕೊಂಡಿತು. ಟಿಟಿಎಲ್ ಗೇಟಿನ ತೆರೆದ ಇನ್‌ಪುಟ್ ಸಾಮಾನ್ಯವಾಗಿ 1ರಂತೆ ವರ್ತಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹೀಗಾಗಿ ಫುಲ್ ಆಡರನ್ನು ಹಾಫ್ ಆಡರ್‌ನಂತೆ ಬಳಸಬೇಕಾದರೆ Cin ಅನ್ನು ಖಾಲಿ ಬಿಡದೆ ಗ್ರೌಂಡ್‌ಗೆ ಜೋಡಿಸಲೇಬೇಕು.

ಚರ್ಚೆ

ಎರಡನೇ ಕೋಷ್ಟಕದಲ್ಲಿ Cin 0 ಇರುವ ನಾಲ್ಕು ಸಾಲುಗಳನ್ನು ಮಾತ್ರ ಆಯ್ದರೆ ಮೊದಲನೇ ಕೋಷ್ಟಕವೇ ಸಿಗುತ್ತದೆ. Cin 1 ಇರುವ ಸಾಲುಗಳಲ್ಲಿ ಮೊತ್ತ ಎಕ್ಸ್-ನಾರ್ ಆಗಿಯೂ, ಕ್ಯಾರಿ ಆರ್ ಗೇಟಿನಂತೆಯೂ ಬದಲಾಗುತ್ತದೆ. ಅಂದರೆ Cout ಎಂಬ ಒಂದೇ ಔಟ್‌ಪುಟ್, Cin 0 ಇದ್ದಾಗ A ಮತ್ತು Bಗಳ ಆಂಡ್, Cin 1 ಇದ್ದಾಗ ಅವುಗಳ ಆರ್.

ಹೆಚ್ಚು ಗಮನ ಸೆಳೆಯುವುದು A·B ಮತ್ತು Cin·(A⊕B) ಎಂಬ ಎರಡು ಅಂಕಣಗಳು. ಎಂಟು ಸಾಲುಗಳಲ್ಲಿ ಒಂದರಲ್ಲಿಯೂ ಇವೆರಡೂ ಒಟ್ಟಿಗೆ 1 ಆಗಿಲ್ಲ. A ಮತ್ತು B ಎರಡೂ 1 ಆದರೆ A ⊕ B ಸೊನ್ನೆಯಾಗಿ ಎರಡನೇ ದಾರಿಯನ್ನು ಮುಚ್ಚುವುದೇ ಇದಕ್ಕೆ ಕಾರಣ. ಕೊನೆಯ ಸಾಲಿನಲ್ಲಿ ಮೂರೂ ಇನ್‌ಪುಟ್‌ಗಳು 1 ಆಗಿದ್ದರೂ ಕ್ಯಾರಿ ಬಂದದ್ದು ಮೊದಲನೇ ದಾರಿಯಿಂದ ಮಾತ್ರ. ಆರ್ ಮತ್ತು ಎಕ್ಸ್-ಆರ್ ಗೇಟ್‌ಗಳ ಔಟ್‌ಪುಟ್ ಬೇರೆಯಾಗುವುದು ಎರಡೂ ಇನ್‌ಪುಟ್ 1 ಆದಾಗಲಷ್ಟೇ. ಆ ಸಂದರ್ಭ ಇಲ್ಲಿ ಬರುವುದೇ ಇಲ್ಲವಾದ್ದರಿಂದ ಆರ್ ಗೇಟಿನ ಜಾಗದಲ್ಲಿ ಎಕ್ಸ್-ಆರ್ ಗೇಟನ್ನು ಇಡಬಹುದು. ಇದನ್ನು ಪರೀಕ್ಷಿಸಲು 74LS08ರ 3 ಮತ್ತು 6ನೇ ಪಿನ್‌ಗಳನ್ನು 74LS86ರ 9 ಮತ್ತು 10ನೇ ಪಿನ್‌ಗಳಿಗೆ ಜೋಡಿಸಿ, 8ನೇ ಪಿನ್‌ನಿಂದ Cout ಪಡೆದಾಗ ಎಂಟೂ ಸಾಲುಗಳ ಫಲಿತಾಂಶ ಹಿಂದಿನಂತೆಯೇ ಬಂದಿತು. 74LS86ರಲ್ಲಿ ಎರಡು ಗೇಟ್‌ಗಳು ಹೇಗೂ ಉಳಿದಿರುತ್ತವೆ. ಒಂದೇ ಆರ್ ಗೇಟ್‌ಗಾಗಿ 74LS32 ಹಾಕುವುದು ಈ ಸರ್ಕ್ಯೂಟ್‌ಗೆ ಅನಗತ್ಯ ಎಂದೇ ಹೇಳಬೇಕು.

ಮುನ್ನೆಚ್ಚರಿಕೆಗಳು

ತಂತಿ ಜೋಡಿಸುವಾಗ ಮತ್ತು ಐಸಿ ತೆಗೆಯುವಾಗ ಸರಬರಾಜು ಆರಿಸಿರಬೇಕು. 14 ಮತ್ತು 7ನೇ ಪಿನ್‌ಗಳು ಅದಲುಬದಲಾದರೆ ಐಸಿ ಬಿಸಿಯಾಗಿ ಹಾಳಾಗುತ್ತದೆ. ಎರಡು ಗೇಟ್‌ಗಳ ಔಟ್‌ಪುಟ್‌ಗಳನ್ನು ನೇರವಾಗಿ ಪರಸ್ಪರ ಜೋಡಿಸಬಾರದು.

ತೀರ್ಮಾನ

ಹಾಫ್ ಆಡರ್ ಮತ್ತು ಫುಲ್ ಆಡರ್ ಸರ್ಕ್ಯೂಟ್‌ಗಳನ್ನು ರಚಿಸಿ, ಅವುಗಳ ಔಟ್‌ಪುಟ್‌ಗಳು ಎಲ್ಲ ಇನ್‌ಪುಟ್ ಸಂಯೋಜನೆಗಳಲ್ಲಿ ಸಮೀಕರಣಗಳಿಗೆ ಹೊಂದುತ್ತವೆ ಎಂಬುದನ್ನು ಪರಿಶೀಲಿಸಲಾಯಿತು. ಎರಡು ಹಾಫ್ ಆಡರ್‌ಗಳಿಂದ ಫುಲ್ ಆಡರ್ ಆಗುತ್ತದೆ ಎಂಬುದೂ, ಅವುಗಳ ಕ್ಯಾರಿಗಳು ಒಟ್ಟಿಗೆ 1 ಆಗದ ಕಾರಣ ಕೊನೆಯ ಗೇಟ್ ಆರ್ ಅಥವಾ ಎಕ್ಸ್-ಆರ್ ಯಾವುದಾದರೂ ಆಗಬಹುದೆಂಬುದೂ ಅಳತೆಗಳಿಂದ ದೃಢಪಟ್ಟಿತು. ಈ ಸರ್ಕ್ಯೂಟ್‌ನಲ್ಲಿ Aಯಿಂದ Coutಗೆ ಅತಿ ಉದ್ದದ ದಾರಿ ಮೂರು ಗೇಟ್‌ಗಳದ್ದಾದರೆ Cinನಿಂದ Coutಗೆ ಎರಡೇ ಗೇಟ್‌ಗಳಿವೆ. ಇಂತಹ ನಾಲ್ಕು ಫುಲ್ ಆಡರ್‌ಗಳನ್ನು ಸಾಲಾಗಿ ಜೋಡಿಸಿ 4 ಬಿಟ್‌ಗಳ ಸಂಖ್ಯೆಗಳನ್ನು ಕೂಡಿಸಿದರೆ, ಕೊನೆಯ ಕ್ಯಾರಿ ಬರುವುದಕ್ಕೆ 3+2+2+2, ಅಂದರೆ 9 ಗೇಟ್‌ಗಳ ವಿಳಂಬ ತಗಲುತ್ತದೆ.