‘ಬಚ್ಚಲೊಲೆ’ ಬಿಡುಗಡೆ: ನವೆಂಬರಿನಿಂದ ಫೆಬ್ರುವರಿವರೆಗೆ ನಮ್ಮ ಕೆಲಸ

ಶಿವಮೊಗ್ಗ, 16 ನವೆಂಬರ್ 2025

ಅಕ್ಕಾ,

ನಿಮ್ಮ ಕತೆಪುಸ್ತಕದ ಬಿಡುಗಡೆಗೆ ಎಷ್ಟು ಖರ್ಚು ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ಕಳಿಸು ಅಂದಿದ್ದರು ಭಾವ. ಒಂದು ಹಾಳೆಯಲ್ಲಿ ಮುಗಿಯಲಿಲ್ಲ. ಲೆಕ್ಕ ಕೊನೆಯಲ್ಲಿದೆ, ಭಾವನಿಗೆ ಅಲ್ಲಿಂದಲೇ ಓದಲು ಹೇಳಿ. ನೀವು ಮಾತ್ರ ಮೊದಲಿನಿಂದ ಓದಬೇಕು.

ನನ್ನ ಕವನ ಸಂಕಲನದ ಕತೆ ನಿಮಗೆ ಗೊತ್ತು. 500 ಪ್ರತಿ ಅಚ್ಚು ಹಾಕಿಸಿ, ಊರಿನ ದೊಡ್ಡ ಸಭಾಂಗಣ ಹಿಡಿದು, ವೇದಿಕೆ ಮೇಲೆ ಐದು ಜನ ಅತಿಥಿಗಳನ್ನು ಕೂರಿಸಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸು ಎಲ್ಲ ಮಾಡಿದೆ. ಆವತ್ತು ಸಂಜೆ ಮಾರಾಟವಾದದ್ದು 31. ಉಳಿದ ಕಟ್ಟುಗಳು ಮಂಚದ ಕೆಳಗೆ ಹೋದವು, ಅದರಲ್ಲೊಂದಕ್ಕೆ ಒರಲೆ ಹಿಡಿಯಿತು. ಶಾಲು ಹೊದ್ದವರಲ್ಲಿ ಒಬ್ಬರೂ ಪುಸ್ತಕ ಓದಿದ ಹಾಗೆ ಕಾಣಲಿಲ್ಲ. ಹಾಗಾಗಿ ಈ ಸಲ ವೇದಿಕೆಗೆ ದುಡ್ಡು ಬೇಡ. ನಿಮ್ಮದು 300 ಪ್ರತಿ. 300 ಹೆಸರು ಬರೆಯೋಣ. ಯಾರ ಕೈಗೆ ಹೋಗುತ್ತೆ ಅಂತ ಗೊತ್ತಿಲ್ಲದ ಪ್ರತಿ ಆದಷ್ಟು ಕಡಿಮೆ ಇರಲಿ.

ಹೆಸರಿನ ಪಟ್ಟಿ

ಹಳೇ ನೋಟ್‌ಬುಕ್ಕೊಂದರಲ್ಲಿ ಇವತ್ತೇ ಶುರು ಮಾಡಿ. ನೀವು ಪಾಠ ಮಾಡಿದ ಮಕ್ಕಳು ಈಗ ಬೆಂಗಳೂರಲ್ಲಿ, ಮಂಗಳೂರಲ್ಲಿ ಇದ್ದಾರಲ್ಲ, ಮೊದಲು ಅವರು. ತೀರ್ಥಹಳ್ಳಿಯ ಮೇಷ್ಟ್ರುಗಳು, ಅಂಗನವಾಡಿಯವರು, ತವರು ಮನೆ ಕಡೆಯವರು, ಕತೆ ಪತ್ರಿಕೆಯಲ್ಲಿ ಬಂದಾಗ ಫೋನ್ ಮಾಡಿದ್ದವರು ಆಮೇಲೆ. ‘ಕೊಳ್ಳಬಹುದು’ ಅನ್ನಿಸಿದವರನ್ನು ಬರೆಯಬೇಡಿ, ಓದುವವರನ್ನು ಬರೆಯಿರಿ. 150 ಹೆಸರು ಸಿಕ್ಕರೆ ಸಾಕು, ಉಳಿದ ಅರ್ಧ ಅವರಿಂದಲೇ ಬರುತ್ತೆ.

ಈ ಪಟ್ಟಿಗೆ ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡೋಣ. ಒಂದು ಲಿಸ್ಟಿಗೆ 256 ಜನ ಹಿಡಿಸುತ್ತಾರೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟೋದು. ಅದಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಫೋನೋ ಸಂದೇಶವೋ ಮೊದಲೇ ಹೋಗಬೇಕು. ಅಡಿಕೆ ಧಾರಣೆ ಗ್ರೂಪಿಗೂ ಶಾಲೆಯ ಗ್ರೂಪಿಗೂ ಪೋಸ್ಟರ್ ಸುರಿಯೋದು ಬೇಡ. ಧಾರಣೆ ನೋಡಲು ಬಂದವನಿಗೆ ಕತೆಪುಸ್ತಕ ಸಿಕ್ಕರೆ ಸಿಟ್ಟೇ ಬರೋದು.

ಡಿಸೆಂಬರ್ 7ರಂದು ಕಳಿಸಬೇಕಾದ ಮೊದಲ ಸಂದೇಶ ಇದು. ನಿಮ್ಮ ಮಾತಿನ ಧಾಟಿಗೆ ತಿದ್ದಿಕೊಳ್ಳಿ:

“ನಮಸ್ಕಾರ. ಇಪ್ಪತ್ತು ವರ್ಷದಿಂದ ಸಂಜೆ ಹೊತ್ತು ಬರೆದಿಟ್ಟ ಹನ್ನೊಂದು ಕತೆಗಳು ‘ಬಚ್ಚಲೊಲೆ’ ಅಂತ ಪುಸ್ತಕವಾಗುತ್ತಿವೆ. ಬೆಲೆ 150. ಡಿಸೆಂಬರ್ 31ರ ಒಳಗೆ ಹೇಳಿದವರಿಗೆ 120, ಅಂಚೆಗೆ 30 ಸೇರಿಸಿ. ಜನವರಿ 11ರ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆ ಅಂಗಳದಲ್ಲಿ ಬಿಡುಗಡೆ. ಬಂದರೆ ಅವಲಕ್ಕಿ, ಕಾಫಿ, ಒಂದು ಕತೆ. ಬರಲಾಗದಿದ್ದರೆ ವಿಳಾಸ ಕಳಿಸಿ, ಸಹಿ ಹಾಕಿ ಕಳಿಸುತ್ತೇನೆ.”

ಕೆಳಗೆ ದುಡ್ಡಿನ ಕ್ಯೂಆರ್ ಚಿತ್ರ ಇರಲಿ, ಮತ್ತೇನೂ ಬೇಡ. ‘ದಯವಿಟ್ಟು ಪ್ರೋತ್ಸಾಹಿಸಿ’ ಅಂತ ಖಂಡಿತ ಬೇಡ. ಪುಸ್ತಕ ಕೊಡ್ತಿದೀವಿ, ಚಂದಾ ಎತ್ತುತ್ತಿಲ್ಲ.

ವಿಡಿಯೋ

ಮೂರು ಮಾಡೋಣ. ಹತ್ತು ಮಾಡಿದರೆ ಎಲ್ಲವೂ ಅರೆಬರೆ. ಫೋನ್ ನೆಟ್ಟಗೆ ನಿಲ್ಲಿಸಿ ತೆಗೆದದ್ದು ಇನ್‌ಸ್ಟಾಗ್ರಾಮ್ ರೀಲ್ಸು, ಫೇಸ್‌ಬುಕ್ಕು, ಯೂಟ್ಯೂಬ್ ಶಾರ್ಟ್ಸು, ವಾಟ್ಸಾಪ್ ಸ್ಟೇಟಸ್ಸು ನಾಲ್ಕಕ್ಕೂ ಆಗುತ್ತೆ.

ಮೊದಲನೆಯದು ನಿಮ್ಮ ಬಚ್ಚಲಲ್ಲೇ. ಬೆಳಿಗ್ಗೆ ಏಳರ ಸುಮಾರಿಗೆ ಹಂಚಿನ ಸಂದಿಯಿಂದ ಬೆಳಕಿನ ಕೋಲು ಹೊಗೆಯಲ್ಲಿ ಇಳಿಯುತ್ತಲ್ಲ, ಆಗ. ಟಾರ್ಚು, ಬಲ್ಬು ಯಾವುದೂ ಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ಡಬ್ಬ ಸಾಕು. ಹಂಡೆಯ ಹಬೆಗೆ ಲೆನ್ಸ್ ಮಬ್ಬಾಗುತ್ತೆ, ಪ್ರತಿ ಸಲ ಪಂಚೆ ತುದಿಯಲ್ಲಿ ಒರೆಸಿ. ಮೊದಲ ನಾಲ್ಕು ಸೆಕೆಂಡು ಒಲೆಯ ಬಾಯಿ ಮಾತ್ರ, ಅಡಿಕೆ ಸಿಪ್ಪೆ ಚಟಪಟ ಅನ್ನೋ ಸದ್ದು. ಆಮೇಲೆ ನಿಮ್ಮ ಕೈ ಒಂದು ಕುಂಟೆ ಒಳಗೆ ದೂಡುತ್ತೆ. ಮುಖ ಬೇಡ. ದನಿ ಬರಲಿ:

“ನಮ್ಮನೆ ಬಚ್ಚಲೊಲೆಗೆ ಗೊತ್ತಿಲ್ಲದ ಗುಟ್ಟಿರಲಿಲ್ಲ. ಅದರ ಮುಂದೆ ಕೂತು ಅಜ್ಜಿ ಅತ್ತದ್ದು ನನಗೆ ಎರಡು ಸಲ ಕಂಡಿತ್ತು. ಕೇಳಿದರೆ ಎರಡು ಸಲವೂ ಹೊಗೆ ಅಂದಳು.”

ಅಲ್ಲಿಗೆ ನಿಲ್ಲಿಸಿಬಿಡಿ. ಮುಂದಿನ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಓದಬೇಡಿ, ಅದು ಪುಸ್ತಕದಲ್ಲಿರಲಿ. ಎರಡು ಸೆಕೆಂಡು ಬೆಂಕಿ, ಮೂರು ಸೆಕೆಂಡು ಮುಖಪುಟ, ‘ಹನ್ನೊಂದು ಕತೆ, ಜನವರಿ 11’. ಎಲ್ಲ ಸೇರಿ ಮೂವತ್ತು ಸೆಕೆಂಡು ದಾಟಬಾರದು. ಸಿನಿಮಾ ಹಾಡು ಹಿಂದೆ ಹಾಕೋದು ಬೇಡ. ಹಕ್ಕಿನ ತಕರಾರು ಬಂದರೆ ದನಿಯೇ ಹೋಗುತ್ತೆ, ಅದಕ್ಕಿಂತ ಆ ಚಟಪಟದ ಮುಂದೆ ಯಾವ ಹಾಡೂ ನಿಲ್ಲಲ್ಲ. ಇದನ್ನು ಡಿಸೆಂಬರ್ 14ಕ್ಕೆ ಬಿಡೋಣ.

ಎರಡನೆಯದು ಅಡಿಕೆ ಸುಲಿಯುವಲ್ಲಿ. ಇದು ನನಗೆ ಬಹಳ ಆಸೆಯ ವಿಡಿಯೋ. ಸುಗ್ಗಿ ನಡೀತಾ ಇರುತ್ತೆ, ರಾತ್ರಿ ಏಳರಿಂದ ನಿಮ್ಮ ಅಂಗಳದಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ. ನೀವೂ ಜೊತೆಗೆ ಕೂತು ಮೂರನೇ ಕತೆ, ಆ ಕಳೆದುಹೋದ ಮೂಗುತಿಯದ್ದು, ಬಾಯಲ್ಲಿ ಹೇಳಿ. ಪುಸ್ತಕ ಹಿಡಿದು ಓದಬೇಡಿ. ಅವರು ನಡುವೆ ಬಾಯಿ ಹಾಕಲಿ, ನಗಲಿ. ನಾನು ಕೈಗಳನ್ನು ಮಾತ್ರ ತೆಗೆಯುತ್ತೇನೆ, ಮುಖ ತೋರಿಸೋದಾದರೆ ಒಬ್ಬೊಬ್ಬರನ್ನೂ ಕೇಳಿ. ಅವರಲ್ಲಿ ಒಬ್ಬರು ಬೇಡ ಅಂದರೂ ಬೇಡ. ಮೂಗುತಿ ಎಲ್ಲಿ ಸಿಕ್ಕಿತು ಅನ್ನುವಷ್ಟರಲ್ಲಿ ವಿಡಿಯೋ ಮುಗಿಯಬೇಕು.

ಮೂರನೆಯದು ಬಿಡುಗಡೆಯ ದಿನದ್ದು, ಅದನ್ನು ಆವತ್ತೇ ನೋಡೋಣ.

ಎರಡು ತಾಂತ್ರಿಕ ತಾಪತ್ರಯಗಳು. ಪ್ರೆಸ್ಸಿನ ಫೈಲು ನುಡಿ ಫಾಂಟಿನಲ್ಲಿದೆ, ಅದರಿಂದ ಸಾಲು ಕತ್ತರಿಸಿ ಫೇಸ್‌ಬುಕ್ಕಿಗೆ ಹಾಕಿದರೆ ಭೂತದ ಭಾಷೆ ಬರುತ್ತೆ. ಯೂನಿಕೋಡಿಗೆ ಬದಲಾಯಿಸಿ ಇಪ್ಪತ್ತು ಸಾಲು ನಾನೇ ಕಳಿಸುತ್ತೇನೆ. ಮತ್ತೆ ಕೆಲವು ವಿಡಿಯೋ ಆ್ಯಪಿನಲ್ಲಿ ಒತ್ತಕ್ಷರ ಕಿತ್ತುಬರುತ್ತೆ. ‘ಬಚ್ಚಲೊಲೆ’ಯಲ್ಲೇ ಚ್ಚ ಇದೆ ನೋಡಿ, ಹೆಸರೇ ಒಡೆದರೆ ಏನು ಗತಿ. ಹೆಸರನ್ನು ಚಿತ್ರ ಮಾಡಿ ಅಂಟಿಸೋಣ. ನಿಮ್ಮಲ್ಲಿ ಗುಡ್ಡ ಹತ್ತಿದರೇ ನೆಟ್‌ವರ್ಕು, ಅಪ್‌ಲೋಡ್ ನನಗೆ ಬಿಡಿ.

ಪೋಸ್ಟುಗಳು ವಾರಕ್ಕೆ ಎರಡು, ಬುಧವಾರ ಮತ್ತು ಭಾನುವಾರ ಸಂಜೆ. ಒಂದರಲ್ಲಿ ಕತೆಯ ಒಂದು ಸಾಲು, ಇನ್ನೊಂದರಲ್ಲಿ ಪುಸ್ತಕ ಆದ ಬಗೆ: ಕರಡು ತಿದ್ದಿದ ಹಾಳೆಯ ಫೋಟೋ, ಬೆಂಗಳೂರಿನ ಓದುಗರಿಗೆ ಅರ್ಥ ಹೇಳಬೇಕಾದ ನಮ್ಮ ಕಡೆಯ ಒಂದು ಮಾತು, ಹೀಗೆ. ಕಾಮೆಂಟು ಬರೆದವರಿಗೆಲ್ಲ ನೀವೇ ಉತ್ತರಿಸಿ, ಬರೀ ಕೈಮುಗಿದ ಚಿತ್ರ ಸಾಲದು.

ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಕುಪ್ಪಳಿಗೆ ಹೋಗೋಣ, ಆದರೆ ಕವಿಮನೆ ಮುಂದೆ ನಮ್ಮ ಪುಸ್ತಕ ಹಿಡಿದು ಫೋಟೋ ಬೇಡ. ಮೊದಲ ಪುಸ್ತಕವನ್ನು ದೊಡ್ಡವರ ಗೋಡೆಗೆ ನೇತು ಹಾಕಿದ ಹಾಗಾಗುತ್ತೆ. ಆವತ್ತು ಪೋಸ್ಟೇ ಇಲ್ಲ.

ಕಾರ್ಯಕ್ರಮ

ಜನವರಿ 11, ಅಂಗಳದಲ್ಲಿ. ಕುರ್ಚಿ ಶಾಲೆಯಿಂದ, ಚಾಪೆ ಮನೆಯಿಂದ. ಮೈಕ್ ಬ್ಯಾಟರಿಯದ್ದೇ ಬೇಕು, ಕರೆಂಟನ್ನು ನಂಬುವ ಹಾಗಿಲ್ಲ. ಪುಸ್ತಕ ಬಿಡುಗಡೆ ಮಾಡೋದು ನಿಮ್ಮನೆಗೆ ಮೂವತ್ತು ವರ್ಷದಿಂದ ಅಡಿಕೆ ಸುಲಿಯಲು ಬರುವ ಅಜ್ಜಿ. ಅವರಿಗೆ ಓದು ಬರಲ್ಲ ಅಂತ ನೀವು ಅಳುಕಿದಿರಿ, ಅರ್ಧ ಕತೆ ಅವರು ಹೇಳಿದ್ದೇ ಅಲ್ಲವಾ? ಮೂಗುತಿ ಕತೆ ಕೇಳಿ ಅವರೇ ಒಪ್ಪಿದರೆ ಮಾತ್ರ. ಅವರ ಎರಡು ಮಾತು, ಊರಿನ ಹುಡುಗರು ಅಭಿನಯಿಸಿ ಓದುವ ಒಂದು ಕತೆ, ನಿಮ್ಮ ಐದು ನಿಮಿಷ. ಸ್ವಾಗತ ಭಾಷಣ, ಅಧ್ಯಕ್ಷರ ನುಡಿ ಇಲ್ಲ. ಐದೂಮುಕ್ಕಾಲಿಗೆ ಮುಗಿಯಲೇಬೇಕು, ಆರೂ ಹತ್ತರ ಬಸ್ಸು ತಪ್ಪಿದರೆ ಶಿವಮೊಗ್ಗದವರೆಲ್ಲ ನಿಮ್ಮನೆ ಜಗಲಿಯಲ್ಲೇ. ಪುಸ್ತಕದ ಮೇಜು ಕಾಫಿಯ ಪಕ್ಕದಲ್ಲಿರಲಿ, ಚಿಲ್ಲರೆ ಇಟ್ಟುಕೊಂಡು ಭಾವ ಕೂರಲಿ.

ಆಮೇಲಿನ ಐದು ವಾರ ಸಣ್ಣ ಸಣ್ಣ ಓದು. ಶಿವಮೊಗ್ಗದ ಕರ್ನಾಟಕ ಸಂಘದಲ್ಲಿ ಒಂದು ಸಂಜೆ ಸಿಗುತ್ತದಾ ಅಂತ ನಾನು ಹೋಗಿ ಕೇಳುತ್ತೇನೆ. ತೀರ್ಥಹಳ್ಳಿ, ಸಾಗರದ ಕಾಲೇಜುಗಳ ಕನ್ನಡ ವಿಭಾಗಕ್ಕೆ ನೀವೇ ಫೋನ್ ಮಾಡಿ, ಮೇಷ್ಟ್ರು ಮೇಷ್ಟ್ರಿಗೆ ಮಾಡಿದರೆ ಕೆಲಸ ಬೇಗ. ಹೆಗ್ಗೋಡಿಗೆ ಹತ್ತು ಪ್ರತಿ ಚೀಲದಲ್ಲಿ ಹಾಕಿಕೊಂಡು ಸುಮ್ಮನೆ ಹೋಗಿಬರೋಣ, ನೀನಾಸಂ ಊರಲ್ಲಿ ಓದುವವರಿಗೆ ಬರವಿಲ್ಲ. ಭದ್ರಾವತಿ ಆಕಾಶವಾಣಿಗೆ ಕತೆ ಓದುವ ಅವಕಾಶ ಕೇಳಿ ಈ ವಾರವೇ ಪತ್ರ ಹಾಕಿ, ಅಲ್ಲಿನ ಕಾರ್ಯಕ್ರಮಗಳು ಮೊದಲೇ ನಿಗದಿಯಾಗಿರುತ್ತವೆ.

ಫೆಬ್ರುವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರೋದು, ಅಂಗಡಿ ಹಾಕೋಣ ಅಂದಿದ್ದಿರಿ. ಬೇಡ. ಬಳೆ ಅಂಗಡಿ, ತೊಟ್ಟಿಲ ನಡುವೆ ನಿಂತು ಕತೆ ಮಾರುವುದು ಆಗದ ಮಾತು. ಜಾತ್ರೆಗೆ ಜಾತ್ರೆ ನೋಡಲು ಹೋಗೋಣ.

ಅಂಚೆ

ಈ ವರ್ಷ ಮೇ 1ರಿಂದ ಪುಸ್ತಕಗಳಿಗೆ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನಮ್ಮದು 144 ಪುಟ, ಆ ಮಿತಿಯೊಳಗೇ ಬರಬೇಕು. ಅಂಚೆಗೆ ಅಂತ ಕೇಳುವ 30ರಲ್ಲಿ ಉಳಿದದ್ದು ಕವರಿಗೆ. ಒಳಗೆ ಬೇರೆ ಕಾಗದ ಇಡೋದು ಬೇಡ, ಹೇಳೋದನ್ನು ಮೊದಲ ಪುಟದ ಸಹಿ ಜೊತೆಗೇ ಬರೆಯಿರಿ. ಮೊದಲು ನನಗೇ ಒಂದು ಪ್ರತಿ ಕಳಿಸಿ, ಎಷ್ಟು ದಿನಕ್ಕೆ ಮುಟ್ಟುತ್ತೆ ನೋಡೋಣ. ತಾಲ್ಲೂಕಿನೊಳಗೆ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರೆ ಸಾಕು.

ಭಾವನ ಲೆಕ್ಕ

ಅವಲಕ್ಕಿ, ಕಾಫಿ 80 ಜನಕ್ಕೆ 3,200. ಮೈಕ್ ಬಾಡಿಗೆ 1,500. ಪುಟಗುರುತಿನ ಚೀಟಿ 500ಕ್ಕೆ 1,000. ಪೋಸ್ಟರ್ 40, ಒಂದಕ್ಕೆ 15ರಂತೆ 600. ಕಾಲರ್ ಮೈಕು 900, ಇದು ಬೇಕೇಬೇಕು, ದನಿ ಸರಿ ಕೇಳದ ವಿಡಿಯೋ ಯಾರೂ ನೋಡಲ್ಲ. ಓಡಾಟ 2,000. ಪತ್ರಿಕೆಗೆ, ವಿಮರ್ಶಕರಿಗೆ 15 ಪ್ರತಿಯ ಅಂಚೆ 500. ಒಲೆಯ ವಿಡಿಯೋಗೆ ಜಾಹೀರಾತು ದಿನಕ್ಕೆ 250ರಂತೆ ನಾಲ್ಕು ದಿನ 1,000. ಒಟ್ಟು 10,700. ಕೈಯಲ್ಲಿ 1,300 ಇಟ್ಟುಕೊಂಡರೆ 12,000.

ಅಚ್ಚಿನ ಖರ್ಚು 24,000 ಸೇರಿ 36,000. ವಿಮರ್ಶೆಗೆ 15, ಗ್ರಂಥಾಲಯ ಮತ್ತು ಮನೆಯವರಿಗೆ 10 ಹೋದರೆ ಮಾರಲು 275. ಮುಂಗಡ 100 ಪ್ರತಿ 120ರಂತೆ 12,000. ಕೈಯಿಂದ ಕೈಗೆ 125 ಪ್ರತಿ 18,750. ಅಂಗಡಿಗೆ 50 ಪ್ರತಿ, 35 ಪರ್ಸೆಂಟ್ ಕಮಿಷನ್ ಕಳೆದು 4,875. ಬರೋದು 35,625. ಎಲ್ಲ ಮಾರಿದರೂ 375 ಕೈ ಬಿಡುತ್ತೆ ಭಾವ. ಆ 1,300 ಮುಟ್ಟದೇ ಇದ್ದರೆ 925 ಲಾಭ.

ಡಿಸೆಂಬರ್ 31ಕ್ಕೆ ಮುಂಗಡ 60 ದಾಟದಿದ್ದರೆ ಜಾಹೀರಾತಿನ ಸಾವಿರ ನಿಲ್ಲಿಸಿ, ಆ ದುಡ್ಡಿನಲ್ಲಿ ಇನ್ನೆರಡು ಊರಿಗೆ ಹೋಗೋಣ.

ಈ ವಾರ ನಿಮ್ಮ ಕೆಲಸ ಮೂರು: ನೋಟ್‌ಬುಕ್ಕು, ಆಕಾಶವಾಣಿಗೆ ಪತ್ರ, ಅಜ್ಜಿ ಹತ್ತಿರ ಮಾತು. ನಾನು ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ಬೆಳಿಗ್ಗೆ ಒಲೆಯ ವಿಡಿಯೋ ಮುಗಿಸುತ್ತೇನೆ. ಒಣಗಿದ ಸಿಪ್ಪೆ ಒಂದು ಬುಟ್ಟಿ ಎತ್ತಿಡಿ, ಹಸಿಯದಾದರೆ ಬರೀ ಹೊಗೆ.

ನಿಮ್ಮ ತಮ್ಮ