ರಾಜ್ಯೋತ್ಸವ ಮಹಿಳಾ ಥ್ರೋಬಾಲ್ ಪಂದ್ಯಾವಳಿ: ಆಟದ ನಿಯಮಗಳು

ನವೆಂಬರ್ 1, ಬೆಳಿಗ್ಗೆ 7ಕ್ಕೆ. ಕುವೆಂಪುನಗರದ ನಮ್ಮ ಬಡಾವಣೆ ಪಾರ್ಕಿನ ಮಣ್ಣಿನ ಅಂಗಳ, ಮೈಸೂರು.

ಎಂಟೂ ತಂಡದವರು ಇದನ್ನು ಒಮ್ಮೆ ಜೋರಾಗಿ ಓದಿಕೊಂಡು ಬನ್ನಿ. ಹೋದ ವರ್ಷ ಆಟಕ್ಕಿಂತ ವಾದವೇ ಜಾಸ್ತಿ ಆಗಿತ್ತು. ಶಾಲೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಕಲಿತಿದ್ದೇವೆ, ಅದಕ್ಕೇ ಹಾಗಾಯಿತು. ಆ ದಿನ ಎಲ್ಲರಿಗೂ ಇವೇ ನಿಯಮ.

ಅಂಗಳ ಮತ್ತು ಗೆರೆ

ಅಂಗಳದ ಉದ್ದ 18.30 ಮೀಟರ್, ಅಗಲ 12.20 ಮೀಟರ್. ಅಂದರೆ ಸರಿಯಾಗಿ ಒಂದು 40-60 ಸೈಟು. ನೆಟ್ಟಿನ ಎತ್ತರ 2.2 ಮೀಟರ್. ನೆಟ್ಟಿನ ಎರಡೂ ಕಡೆ ಒಂದೂವರೆ ಮೀಟರ್‌ನ ಬಾಕ್ಸ್ ಇರುತ್ತದೆ. ಆಟ ನಡೆಯುವಾಗ ಬಾಕ್ಸಿನೊಳಗೆ ಕಾಲಿಡುವಂತಿಲ್ಲ, ಅದರ ಗೆರೆಯನ್ನೂ ತುಳಿಯುವಂತಿಲ್ಲ. ಎಸೆದ ಚೆಂಡು ಎದುರಿನವರ ಬಾಕ್ಸಿನಲ್ಲಿ ಬಿದ್ದರೆ ಎಸೆದವರದೇ ತಪ್ಪು.

ಸುತ್ತಲಿನ ಗೆರೆ ಅಂಗಳಕ್ಕೇ ಸೇರಿದ್ದು. ಚೆಂಡು ಸುಣ್ಣಕ್ಕೆ ಸ್ವಲ್ಪ ತಾಗಿದರೂ ಒಳಗೆ ಬಿದ್ದ ಹಾಗೆ. ಹೊರಗೆ ಹೋಗುತ್ತಿರುವ ಚೆಂಡನ್ನು ಮುಟ್ಟಿ ಬಿಟ್ಟರೆ ಪಾಯಿಂಟ್ ಎದುರಿನವರಿಗೆ. ಬಿಡುವುದಾದರೆ ಕೈ ಪೂರ್ತಿ ಹಿಂದೆ ತೆಗೆದುಕೊಳ್ಳಿ.

ಸರ್ವಿಸ್

ಒಂದು ತಂಡಕ್ಕೆ ಏಳು ಜನ. ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ರೆಫರಿ ಸೀಟಿ ಊದಿದ 5 ಸೆಕೆಂಡಿನೊಳಗೆ ಚೆಂಡು ಕೈಬಿಡಬೇಕು. ಹಿಂದಿನ ಗೆರೆಯ ಆಚೆ ನಿಂತು, ಒಂದೇ ಕೈಯಲ್ಲಿ, ಭುಜದ ಮೇಲಿಂದ ಎಸೆಯಿರಿ. ಹಾರಿಯೂ ಎಸೆಯಬಹುದು, ಆದರೆ ಗೆರೆ ತುಳಿಯಬಾರದು. ಸರ್ವಿಸ್ ಚೆಂಡು ನೆಟ್ಟಿಗೆ ತಾಗಿದರೆ ಪಾಯಿಂಟ್ ಹೋಯಿತು, ಇನ್ನೊಂದು ಅವಕಾಶ ಇಲ್ಲ. ಆಟದ ನಡುವೆ ಹಾಗಲ್ಲ: ಎಸೆದ ಚೆಂಡು ನೆಟ್ಟಿಗೆ ಸವರಿಕೊಂಡು ಆಚೆ ಹೋದರೆ ಆಟ ಮುಂದುವರಿಯುತ್ತದೆ.

ಸರ್ವಿಸ್ ನಿಮ್ಮ ಕಡೆಗೆ ಬಂದಾಗಲೆಲ್ಲ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಒಂದೊಂದು ಜಾಗ ಸರಿಯಿರಿ. ಚೆನ್ನಾಗಿ ಎಸೆಯುವವರೊಬ್ಬರೇ ಸರ್ವಿಸ್ ಮಾಡುತ್ತಾ ಇರುವುದಕ್ಕೆ ಆಗುವುದಿಲ್ಲ. ಎಲ್ಲರಿಗೂ ಸರದಿ ಸಿಗಲಿ ಅಲ್ವಾ.

ಹಿಡಿಯುವುದು, ಎಸೆಯುವುದು

ಜಗಳ ಆಗುವುದೇ ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಚೆಂಡನ್ನು ಎರಡೂ ಕೈಯಲ್ಲಿ, ಒಂದೇ ಸಲಕ್ಕೆ ಹಿಡಿಯಬೇಕು. ಕೈಯಲ್ಲಿ ಪುಟಿದು ಮತ್ತೆ ಸಿಕ್ಕಿದರೆ ಅದು ಡಬ್ಸ್, ಪಾಯಿಂಟ್ ಎದುರಿನವರಿಗೆ. ಅಂಗೈ ಬಿಟ್ಟು ಎದೆಗೆ, ಹೊಟ್ಟೆಗೆ, ಮೊಣಕೈಗೆ ತಾಗಿದರೂ ಫೌಲ್. ಇಬ್ಬರು ಒಟ್ಟಿಗೆ ಒಂದೇ ಚೆಂಡು ಹಿಡಿದರೂ ಫೌಲ್. ಅದಕ್ಕೇ ಚೆಂಡು ಬರುವಾಗ ‘ನಂದು’ ಅಂತ ಗಟ್ಟಿಯಾಗಿ ಕೂಗಿ. ಕೂಗುವುದಕ್ಕೆ ಸಂಕೋಚಪಟ್ಟೇ ಎಷ್ಟೋ ಪಾಯಿಂಟ್ ಕಳೆದುಕೊಂಡಿದ್ದೇವೆ.

ಹಿಡಿಯುವಾಗ ಕಾಲು ನೆಲದ ಮೇಲಿರಬೇಕು. ಎಸೆಯುವಾಗ ಹಾರಬಹುದು.

ಹಿಡಿದ 3 ಸೆಕೆಂಡಿನೊಳಗೆ ನೀವೇ ಎಸೆಯಬೇಕು. ಪಕ್ಕದವರಿಗೆ ಪಾಸ್ ಕೊಡುವಂತಿಲ್ಲ. ಚೆಂಡನ್ನು ಎಡಗೈಯಿಂದ ಬಲಗೈಗೆ, ಬಲದಿಂದ ಎಡಕ್ಕೆ ಆಡಿಸುತ್ತಾ ಎದುರಿನವರನ್ನು ಏಮಾರಿಸುವಂತಿಲ್ಲ. ಎಸೆತ ಒಂದೇ ಕೈಯಲ್ಲಿ, ಭುಜಕ್ಕಿಂತ ಮೇಲಿನಿಂದ. ಸೊಂಟದ ಹತ್ತಿರದಿಂದ ತಳ್ಳಿದರೆ, ಎಷ್ಟೇ ಚೆನ್ನಾಗಿ ಬಿದ್ದರೂ ಪಾಯಿಂಟ್ ಇಲ್ಲ.

ಚೆಂಡು ಹಿಡಿಯುವಾಗ ‘ಟಪ್’ ಅಂತ ಸದ್ದು ಬಂದರೆ ಫೌಲ್ ಕೊಡಬೇಕಾ ಅಂತ ಸಭೆಯಲ್ಲಿ ತುಂಬಾ ಚರ್ಚೆ ಆಯಿತು. ನಿಯಮದ ಪ್ರಕಾರ ಸದ್ದು ಬರಬಾರದು. ಆದರೆ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಚೆಂಡು ಮುಟ್ಟುತ್ತಿರುವವರು ನಮ್ಮಲ್ಲಿ ಅರ್ಧ ಜನ ಇದ್ದಾರೆ. ಹಾಗಾಗಿ ಲೀಗ್ ಮ್ಯಾಚ್‌ಗಳಲ್ಲಿ ಸದ್ದಿಗೆ ಫೌಲ್ ಇಲ್ಲ. ಸೆಮಿಫೈನಲ್‌ನಿಂದ ಇದೆ.

ಗಾಜಿನ ಬಳೆ, ಉಂಗುರ, ಉದ್ದದ ಸರ ಬೇಡ. ತೆಗೆಯಲು ಆಗದ ಬಳೆಗೆ ಬಟ್ಟೆ ಸುತ್ತಿಕೊಳ್ಳಿ. ಉಗುರು ಕತ್ತರಿಸಿಕೊಂಡು ಬನ್ನಿ, ಬೆರಳು ಮಡಚಿದರೆ ತುಂಬಾ ನೋವು. ಸೀರೆಯಲ್ಲಿ ಆಡುವವರಿಗೆ ಅಡ್ಡಿ ಇಲ್ಲ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಚೆಂಡು ಸೆರಗಿಗೆ ತಾಗಿದರೂ ಮೈಗೆ ತಾಗಿದ ಲೆಕ್ಕವೇ.

ಪಾಯಿಂಟ್

ಸರ್ವಿಸ್ ಯಾರದ್ದೇ ಇರಲಿ, ತಪ್ಪು ಮಾಡಿದವರ ಎದುರಿನ ತಂಡಕ್ಕೆ ಒಂದು ಪಾಯಿಂಟ್, ಮುಂದಿನ ಸರ್ವಿಸ್ ಕೂಡ ಅವರದೇ. 15 ಪಾಯಿಂಟ್‌ಗೆ ಒಂದು ಸೆಟ್. 14-14 ಆದರೆ ಎರಡು ಪಾಯಿಂಟ್ ಮುಂದಿರಬೇಕು. ಅದೂ ಮುಗಿಯದಿದ್ದರೆ 17 ಮೊದಲು ಮುಟ್ಟಿದವರು ಗೆದ್ದಂತೆ.

ಒಂದು ಮ್ಯಾಚ್ ಸೋತು ಮನೆಗೆ ಹೋಗುವ ಬೇಜಾರು ಬೇಡ ಅಂತ ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ಮಾಡಿದ್ದೇವೆ. ಎಲ್ಲರಿಗೂ ಕಡಿಮೆ ಅಂದರೆ ಮೂರು ಮ್ಯಾಚ್, ಒಂದೊಂದು ಸೆಟ್. ಗುಂಪಿನ ಮೊದಲ ಇಬ್ಬರು ಸೆಮಿಫೈನಲ್‌ಗೆ. ಗೆಲುವು ಸಮ ಆದರೆ ಪಾಯಿಂಟ್‌ಗಳ ಅಂತರ ನೋಡುತ್ತೇವೆ. ಸೆಮಿಫೈನಲ್ ಮತ್ತು ಫೈನಲ್ ಮೂರು ಸೆಟ್, ಎರಡು ಗೆದ್ದವರದ್ದು ಮ್ಯಾಚ್.

ಸೆಟ್ಟಿಗೆ 30 ಸೆಕೆಂಡಿನ ಎರಡು ಟೈಮ್‌ಔಟ್, ಮೂರು ಬದಲಿ ಆಟಗಾರ್ತಿಯರು. ರೆಫರಿ ಹತ್ತಿರ ಕ್ಯಾಪ್ಟನ್ ಮಾತ್ರ ಮಾತಾಡಬೇಕು. ಮ್ಯಾಚ್ ಮುಗಿದ ಕೂಡಲೇ ಇಬ್ಬರೂ ಕ್ಯಾಪ್ಟನ್ ಸ್ಕೋರ್ ಹಾಳೆಗೆ ಸಹಿ ಹಾಕಿ. ಸಹಿ ಆದ ಮೇಲೆ ದೂರು ತೆಗೆದುಕೊಳ್ಳುವುದಿಲ್ಲ.